ಸಿಹಿ ಸೇಬು, ಸಿಹಿಯಿಲ್ಲದ ಸೈಡರ್

ಸಿಹಿ ಸೇಬು ಹಿಂಡಿದರೆ ಸಿಹಿ ಸೈಡರ್ ಸಿಗುತ್ತದೆ ಅಂದುಕೊಳ್ಳುವವರೇ ಹೆಚ್ಚು. ಆಗುವುದು ಬೇರೆ. ಸೇಬಿನ ರಸದಲ್ಲಿರುವ ಸಕ್ಕರೆಯನ್ನು ಯೀಸ್ಟ್ ತಿಂದು ಆಲ್ಕೋಹಾಲ್ ಮಾಡುತ್ತದೆ. ಅದರ ಪಾಡಿಗೆ ಬಿಟ್ಟರೆ ಬಹುಮಟ್ಟಿಗೆ ಎಲ್ಲ ಸಕ್ಕರೆಯನ್ನೂ ಮುಗಿಸಿಬಿಡುತ್ತದೆ. ಹಾಗೆ ಮುಗಿಸಿದ್ದೇ ಡ್ರೈ ಸೈಡರ್.

ಹಾಲಿನ ಡೇರಿಯಲ್ಲಿ ಲ್ಯಾಕ್ಟೋಮೀಟರ್ ತೇಲಿಬಿಡುವುದನ್ನು ನೋಡಿದ್ದೀರಲ್ಲ, ಸೈಡರ್ ಮಾಡುವವರ ಕೈಯಲ್ಲೂ ಅಂಥದೇ ಒಂದು ಹೈಡ್ರೋಮೀಟರ್ ಇರುತ್ತದೆ. ನೀರಿಗೆ ಅದು 1.000 ತೋರಿಸಿದರೆ ಹೊಸ ರಸಕ್ಕೆ 1.050ರ ಆಸುಪಾಸು ತೋರಿಸುತ್ತದೆ. ಆಗ ಲೀಟರಿಗೆ ನೂರು ಗ್ರಾಂಗಿಂತ ತುಸು ಹೆಚ್ಚು ಸಕ್ಕರೆ ಇದೆ ಎಂದು ಲೆಕ್ಕ. ಅದು 1.000ಕ್ಕೆ ಇಳಿಯುವ ಹೊತ್ತಿಗೆ ಸೈಡರ್ ಡ್ರೈ ಆಗಿ, ಆಲ್ಕೋಹಾಲ್ ಸುಮಾರು ಶೇ. 6.5 ಆಗಿರುತ್ತದೆ. 1.010ರಲ್ಲಿ ನಿಂತರೆ ಮೀಡಿಯಂ, ಶೇ. 5ರ ಸುತ್ತಮುತ್ತ. 1.020ರಲ್ಲಿ ನಿಂತರೆ ಸಿಹಿ, ಶೇ. 4ರಷ್ಟು. ಒಂದೇ ರಸ, ನಿಲ್ಲಿಸಿದ ಜಾಗ ಮಾತ್ರ ಬೇರೆ.

ನಿಲ್ಲಿಸುವುದೇ ಕಷ್ಟ. ನಿಂತಿತೆಂದು ನಂಬಿ ಸಿಹಿ ಸೈಡರನ್ನು ಬಾಟಲಿಗೆ ತುಂಬಿದರೆ, ಉಳಿದ ಯೀಸ್ಟ್ ಬೇಸಿಗೆಯಲ್ಲಿ ಎಚ್ಚೆತ್ತು ಗ್ಯಾಸ್ ಮಾಡಿ ಬಾಟಲಿಯನ್ನೇ ಸಿಡಿಸಬಹುದು. ಅದಕ್ಕೇ ಅನೇಕ ಕಾರ್ಖಾನೆಗಳು ಮೊದಲು ಪೂರ್ತಿ ಡ್ರೈ ಮಾಡಿ, ಆಮೇಲೆ ಸಕ್ಕರೆ ಬೆರೆಸಿ, ಬಿಸಿ ಮಾಡಿ ಯೀಸ್ಟನ್ನು ಕೊಲ್ಲುತ್ತವೆ. ಫ್ರಾನ್ಸಿನ ನಾರ್ಮಂಡಿಯ ಹಳೆಯ ಉಪಾಯ ಇದಕ್ಕಿಂತ ಚೆಂದ. ಅಲ್ಲಿ ಚಳಿಗಾಲದ ರಸದಲ್ಲಿ ಪೆಕ್ಟಿನ್ ಗಟ್ಟಿಯಾಗಿ, ಕಂದು ಕೆನೆಯಂತೆ ಮೇಲೆ ತೇಲುತ್ತದೆ. ಯೀಸ್ಟಿಗೆ ಬೇಕಾದ ಪೋಷಕಾಂಶದ ಒಂದು ಪಾಲೂ ಅದರ ಜೊತೆ ಹೋಗುತ್ತದೆ. ನಡುವಿನ ತಿಳಿ ರಸವನ್ನು ಬೇರೆ ಪಾತ್ರೆಗೆ ಇಳಿಸಿದರೆ ಅರೆಹೊಟ್ಟೆಯ ಯೀಸ್ಟ್ ತಿಂಗಳುಗಟ್ಟಲೆ ನಿಧಾನವಾಗಿ ಕೆಲಸ ಮಾಡಿ, ಸಕ್ಕರೆ ಇರುವಾಗಲೇ ಸೋಲುತ್ತದೆ.

ಹಾಗಾದರೆ ಸೇಬಿನ ತಳಿಗೇನು ಕೆಲಸ? ಸಕ್ಕರೆ ಹೋದಮೇಲೆ ಉಳಿಯುವುದು ಹುಳಿ ಮತ್ತು ಒಗರು, ಅವೆರಡೂ ತಳಿಯ ಕೊಡುಗೆ. ಇಂಗ್ಲೆಂಡಿನ ಸಾಮರ್‌ಸೆಟ್‌ನ ಡ್ಯಾಬಿನೆಟ್ ಸೇಬನ್ನು ಕಚ್ಚಿದರೆ ಮೊದಲು ಸಿಹಿ, ಮರುಕ್ಷಣ ಗೇರುಹಣ್ಣಿನಂತೆ ನಾಲಿಗೆ ಹಿಡಿದುಕೊಳ್ಳುವ ಒಗರು. ಹುಳಿ ಕಡಿಮೆ. ಅಲ್ಲಿನದೇ ಕಿಂಗ್‌ಸ್ಟನ್ ಬ್ಲ್ಯಾಕ್‌ನಲ್ಲಿ ಹುಳಿಯೂ ಉಂಟು, ಒಗರೂ ಉಂಟು. ಬೇರೆ ತಳಿ ಬೆರೆಸದೆ ಅದೊಂದರಿಂದಲೇ ಒಳ್ಳೆಯ ಸೈಡರ್ ಮಾಡಬಹುದು ಎಂಬ ಹೆಸರು ಅದಕ್ಕಿದೆ. ಅಡುಗೆಗೆ ಬಳಸುವ ಬ್ರ್ಯಾಮ್ಲಿಯಲ್ಲಿ ಹುಳಿಯೇ ಜಾಸ್ತಿ. ನಾವು ಅಂಗಡಿಯಲ್ಲಿ ಕೊಳ್ಳುವ ತಿನ್ನುವ ಸೇಬಿನಲ್ಲಿ ಒಗರು ಬಹಳ ಕಡಿಮೆ. ಅದರ ಸೈಡರ್ ಡ್ರೈ ಆದಾಗ ತೆಳುವಾಗಿ, ಹುಳಿ ನೀರಿನಂತಾಗುವುದುಂಟು.

ನಾಲಿಗೆ ಮೋಸಹೋಗುವುದೂ ಇಲ್ಲೇ. ಲೀಟರಿಗೆ ಇಪ್ಪತ್ತು ಗ್ರಾಂ ಸಕ್ಕರೆ ಉಳಿದ ಬ್ರ್ಯಾಮ್ಲಿ ಸೈಡರಿನಲ್ಲಿ ಹುಳಿ ಸಿಹಿಯನ್ನು ಮುಚ್ಚಿಬಿಡುತ್ತದೆ. ಅಷ್ಟೇ ಸಕ್ಕರೆಯ ಡ್ಯಾಬಿನೆಟ್ ಸಿಹಿಯಾಗಿಯೇ ಹತ್ತುತ್ತದೆ. ಹಾಗಾಗಿ ಬಾಟಲಿಯ ಮೇಲೆ ಮೀಡಿಯಂ ಎಂದು ಬರೆದದ್ದನ್ನಷ್ಟೇ ನಂಬಬೇಡಿ, ಪಕ್ಕದಲ್ಲಿ ಸೇಬಿನ ಹೆಸರಿದ್ದರೆ ಅದನ್ನೂ ಓದಿ.