ಹಂಚಿನಿಂದ ಸ್ಟೇರಿಂಗಿಗೆ: ಒಂದು ಮ್ಯಾಚ್ ಕಟ್‌ನ ತಯಾರಿ

ಆಲ್ಫ್ರೆಡ್ ಹಿಚ್‌ಕಾಕ್‌ನ ‘ನಾರ್ತ್ ಬೈ ನಾರ್ತ್‌ವೆಸ್ಟ್’ (1959) ಮುಗಿಯುವ ಹೊತ್ತಿಗೆ ನಾಯಕಿ ಮೌಂಟ್ ರಷ್ಮೋರ್‌ನ ಕಲ್ಲುಮೊಗಗಳ ಅಂಚಿನಲ್ಲಿ ನೇತಾಡುತ್ತಿರುತ್ತಾಳೆ. ನಾಯಕ ಅವಳ ಕೈ ಹಿಡಿದು ಮೇಲಕ್ಕೆಳೆಯುತ್ತಾನೆ. ಎಳೆತ ಪೂರ್ತಿಯಾಗುವಷ್ಟರಲ್ಲಿ ಕಲ್ಲುಬಂಡೆ ಇಲ್ಲ, ಪ್ರಪಾತವಿಲ್ಲ. ಅವನು ಅದೇ ಕೈಯನ್ನು ಹಿಡಿದು ಅವಳನ್ನು ರೈಲಿನ ಮೇಲಿನ ಬರ್ತಿಗೆ ಎಳೆದುಕೊಳ್ಳುತ್ತಿದ್ದಾನೆ, ಅವಳೀಗ ಅವನ ಹೆಂಡತಿ. ಬಂಡೆಯಿಂದ ಪಾರಾದದ್ದು, ಮದುವೆಯಾದದ್ದು, ರೈಲು ಹತ್ತಿದ್ದು ಯಾವುದನ್ನೂ ತೋರಿಸಿಲ್ಲ. ನೋಡುಗನಿಗೆ ಏನೋ ಬಿಟ್ಟುಹೋಯಿತು ಅನ್ನಿಸುವುದೂ ಇಲ್ಲ.

ಒಂದು ದೃಶ್ಯದ ಕೊನೆಯ ಶಾಟ್‌ನಲ್ಲಿರುವ ಆಕಾರ, ಚಲನೆ ಅಥವಾ ಸದ್ದು ಮುಂದಿನ ದೃಶ್ಯದ ಮೊದಲ ಶಾಟ್‌ನಲ್ಲಿ ಮುಂದುವರಿದರೆ ಸಿನಿಮಾದವರು ಅದನ್ನು ಮ್ಯಾಚ್ ಕಟ್ ಅನ್ನುತ್ತಾರೆ. ಜಾಗ ಬದಲಾಗಿರುತ್ತದೆ, ಕೆಲವೊಮ್ಮೆ ಕಾಲವೂ. ಕಣ್ಣು ಮಾತ್ರ ತಾನು ಹಿಂಬಾಲಿಸುತ್ತಿದ್ದುದನ್ನೇ ಹಿಂಬಾಲಿಸುತ್ತಿರುತ್ತದೆ. ಎರಡು ಗಂಟೆಯ ಚಿತ್ರಕ್ಕಿಂತ ಕಿರುಕಥೆಗೆ ಇದರ ಉಪಯೋಗ ಹೆಚ್ಚು. ಯೂಟ್ಯೂಬಿನ ಶಾರ್ಟ್ಸ್‌ಗೆ 2024ರ ಅಕ್ಟೋಬರ್‌ನಿಂದ ಮೂರು ನಿಮಿಷದವರೆಗೆ ಅವಕಾಶವಿದೆ. ಆ ಮೂರು ನಿಮಿಷದಲ್ಲಿ ಬಸ್ ಹತ್ತಿದ್ದು, ಇಳಿದದ್ದು, ಬಾಗಿಲು ತೆಗೆದದ್ದು ಎಲ್ಲ ತೋರಿಸುತ್ತ ಕೂತರೆ ಕಥೆಗೆ ಜಾಗ ಉಳಿಯುವುದಿಲ್ಲ.

ಇಂಥ ಕಟ್ ಎಡಿಟಿಂಗ್ ಟೇಬಲಿನಲ್ಲಿ ಹುಟ್ಟುತ್ತದೆ ಎಂದು ಹೊಸಬರು ಅಂದುಕೊಳ್ಳುವುದುಂಟು. ಅಪರೂಪಕ್ಕೆ ಹಾಗೂ ಆಗುತ್ತದೆ. ‘ಲಾರೆನ್ಸ್ ಆಫ್ ಅರೇಬಿಯಾ’ದಲ್ಲಿ (1962) ಲಾರೆನ್ಸ್ ಉರಿಯುವ ಬೆಂಕಿಕಡ್ಡಿಯನ್ನು ಊದಿ ಆರಿಸುತ್ತಿದ್ದಂತೆ ಮರುಭೂಮಿಯ ಸೂರ್ಯೋದಯ ಬರುತ್ತದಲ್ಲ, ಅಲ್ಲಿ ಮೊದಲು ಯೋಚಿಸಿದ್ದು ಒಂದು ಚಿತ್ರ ಕರಗಿ ಇನ್ನೊಂದಾಗುವ ಡಿಸಾಲ್ವ್ ಅನ್ನು. ಕಚ್ಚಾ ಪ್ರತಿಯಲ್ಲಿ ಎರಡು ಶಾಟ್‌ಗಳೂ ನೇರವಾಗಿ ಅಂಟಿಕೊಂಡಿದ್ದವು. ಅದನ್ನು ನೋಡಿದ ಸಂಕಲನಕಾರ್ತಿ ಆ್ಯನ್ ಕೋಟ್ಸ್ ಮತ್ತು ನಿರ್ದೇಶಕ ಡೇವಿಡ್ ಲೀನ್ ಹಾಗೇ ಇರಲಿ ಎಂದರು, ಆಮೇಲೆ ಒಂದೆರಡು ಫ್ರೇಮ್ ಕತ್ತರಿಸಿ ಹದ ಮಾಡಿದರು. ಆದರೆ ಆ ಅದೃಷ್ಟ ಒಲಿದದ್ದು ಎರಡೂ ಶಾಟ್‌ಗಳನ್ನು ಯೋಚಿಸಿ ತೆಗೆದವರಿಗೆ. ಮೊಬೈಲಿನಲ್ಲಿ ಕಿರುಚಿತ್ರ ಮಾಡುವವರು ಕಟ್ಟನ್ನು ಚಿತ್ರಕಥೆಯಲ್ಲೇ ಬರೆದುಕೊಂಡು ಹೊರಡುವುದು ವಾಸಿ.

ಒಂದು ಕಥೆಯನ್ನು ಇಟ್ಟುಕೊಂಡು ಇದನ್ನು ನೋಡಬಹುದು. ಧಾರವಾಡದ ಕಡೆಯ ಹಳ್ಳಿಯಲ್ಲಿ ಅವ್ವ ಜೋಳದ ರೊಟ್ಟಿ ಮಾಡುತ್ತಿದ್ದಾಳೆ, ಮಗ ಬೆಂಗಳೂರಿನಲ್ಲಿ ಬಸ್ ಡ್ರೈವರ್. ಮೊದಲ ದೃಶ್ಯ ಅಡುಗೆಮನೆ, ಎರಡನೆಯದು ಬಸ್ಸು. ನಡುವೆ ನಾನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಅದನ್ನು ಒಂದೇ ಕಟ್‌ನಲ್ಲಿ ದಾಟಬೇಕು.

ಮೊದಲು ಹೊಳೆಯುವುದು ರೊಟ್ಟಿ ಬಡಿಯುವ ದೃಶ್ಯ. ರೊಟ್ಟಿ ತಿರುಗುತ್ತದೆ, ಸ್ಟೇರಿಂಗೂ ತಿರುಗುತ್ತದೆ, ಎರಡೂ ದುಂಡಗಿವೆ. ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಎರಡೂ ಫ್ರೇಮ್‌ಗಳನ್ನು ಪಕ್ಕಪಕ್ಕದಲ್ಲಿ ಬರೆದು ನೋಡಿದರೆ ತೊಂದರೆ ಗೊತ್ತಾಗುತ್ತದೆ: ರೊಟ್ಟಿ ತುಂಬಿದ ಬಿಳಿ ತಟ್ಟೆ, ಸ್ಟೇರಿಂಗು ಟೊಳ್ಳಾದ ಕರಿ ಉಂಗುರ. ಕಟ್ ಆದಾಗ ಕಣ್ಣು ಮೊದಲು ಗುರುತಿಸುವುದು ವಸ್ತುವಿನ ಹೆಸರನ್ನಲ್ಲ, ಕಪ್ಪು ಎಲ್ಲಿದೆ ಬಿಳಿ ಎಲ್ಲಿದೆ ಎಂಬುದನ್ನು. ಸ್ಟಾನ್ಲಿ ಕುಬ್ರಿಕ್‌ನ ‘2001: ಎ ಸ್ಪೇಸ್ ಒಡಿಸ್ಸಿ’ಯಲ್ಲಿ (1968) ಆದಿಮಾನವ ಎಸೆದ ಎಲುಬು ಉಪಗ್ರಹವಾಗುವ ಕಟ್ ನಿಂತಿರುವುದೂ ಇದರ ಮೇಲೆಯೇ. ಹಿಂದಿನ ಆಕಾಶ ಹಗಲಿನಿಂದ ಕಗ್ಗತ್ತಲಿಗೆ ಬದಲಾದರೂ ಮುಂದಿರುವುದು ಎರಡರಲ್ಲೂ ಉದ್ದನೆಯ ಬೆಳ್ಳನೆ ಆಕಾರ. ಅದು ಕೂದಲೆಳೆಯಷ್ಟೂ ತಪ್ಪದ ಹೊಂದಾಣಿಕೆಯೇನಲ್ಲ, ಆದರೂ ಯಾರೂ ತಕರಾರು ಎತ್ತುವುದಿಲ್ಲ.

ಹಾಗಾದರೆ ಅಡುಗೆಮನೆಯಲ್ಲಿ ಕರಿ ಉಂಗುರ ಎಲ್ಲಿದೆ? ರೊಟ್ಟಿ ಹಂಚಿನ ಮೇಲೆ ಬಿದ್ದಾಗ ಇದೆ. ಹಂಚಿಗಿಂತ ರೊಟ್ಟಿ ಸ್ವಲ್ಪ ಚಿಕ್ಕದಾದ್ದರಿಂದ ಸುತ್ತ ಕಬ್ಬಿಣದ ಕಪ್ಪು ಅಂಚು ಉಳಿಯುತ್ತದೆ. ಅಷ್ಟೇ ಅಲ್ಲ, ಹಂಚಿಗೆ ಹಾಕಿದ ಕೂಡಲೇ ಅವ್ವ ಒದ್ದೆ ಬಟ್ಟೆಯಿಂದ ರೊಟ್ಟಿಯ ಮೇಲೆಲ್ಲ ನೀರು ಸವರುತ್ತಾಳೆ. ಕೈ ದುಂಡಗೆ ಸುತ್ತುತ್ತದೆ. ಡ್ರೈವರನ ಕೈ ಸ್ಟೇರಿಂಗಿನ ಮೇಲೆ ಸುತ್ತುವುದೂ ಹಾಗೆಯೇ. ಈಗ ಆಕಾರ ಹೊಂದಿತು, ಚಲನೆಯೂ ಹೊಂದಿತು. ಇಬ್ಬರೂ ದಿನವಿಡೀ ಕೈಯಿಂದಲೇ ದುಡಿಯುವವರು ಎಂಬುದು ಮಾತಿಲ್ಲದೆ ಬಂದುಬಿಟ್ಟಿತು. ಈ ಮೂರನೆಯದು ಇಲ್ಲದಿದ್ದರೆ ಕಟ್ ಬರೀ ಚಮತ್ಕಾರ. ತಾಯಿ ಮಗನ ಕಥೆಯಲ್ಲಿ ಚಂದ್ರನನ್ನೂ ಚಪಾತಿಯನ್ನೂ ಜೋಡಿಸಿದರೆ ನೋಡುಗ ‘ಭಲೇ’ ಅನ್ನಬಹುದು, ಅಷ್ಟರಲ್ಲಿ ಕಥೆಯಿಂದ ಹೊರಗೆ ಬಂದಿರುತ್ತಾನೆ.

ಕ್ಯಾಮೆರಾವನ್ನು ಎರಡೂ ಕಡೆ ನೆತ್ತಿಯ ಮೇಲೆ ಇಡಬೇಕು. ಬಸ್ಸಿನ ಸ್ಟೇರಿಂಗ್ ಕಾರಿನದಕ್ಕಿಂತ ಹೆಚ್ಚು ಮಲಗಿರುವುದರಿಂದ ಮೇಲಿನಿಂದ ನೋಡಿದಾಗ ಹೆಚ್ಚುಕಡಿಮೆ ದುಂಡಗೇ ಕಾಣುತ್ತದೆ. ಅವ್ವನೂ ಮಗನೂ ಫ್ರೇಮಿನ ಕೆಳಗಡೆ ಕೂತಂತಿರಬೇಕು, ಅಂದರೆ ಕೈ ಎರಡೂ ಶಾಟ್‌ಗಳಲ್ಲಿ ಕೆಳಗಿನಿಂದಲೇ ಬರಬೇಕು. ಅವ್ವನ ಕೈ ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತಿದರೆ ಮಗ ಬಲಕ್ಕೆ ತಿರುಗಿಸುತ್ತಿರಬೇಕು. ದಿಕ್ಕು ಅದಲುಬದಲಾದರೆ ಉಳಿದದ್ದೆಲ್ಲ ಸರಿಯಿದ್ದೂ ಕಣ್ಣು ಮುಗ್ಗರಿಸುತ್ತದೆ.

ಅಳತೆಯ ಲೆಕ್ಕ ಸುಲಭ. ಹಂಚು 30 ಸೆಂಟಿಮೀಟರ್ ಅಗಲ, ಸ್ಟೇರಿಂಗು 45 ಎಂದಿಟ್ಟುಕೊಂಡರೆ, ಒಂದೇ ಲೆನ್ಸಿನಲ್ಲಿ ಎರಡೂ ಒಂದೇ ಗಾತ್ರಕ್ಕೆ ಕಾಣಲು ಕ್ಯಾಮೆರಾದ ದೂರವೂ ಅದೇ ಪ್ರಮಾಣದಲ್ಲಿರಬೇಕು. ಸ್ಟೇರಿಂಗಿನಿಂದ 90 ಸೆಂಟಿಮೀಟರ್ ಮೇಲಿದ್ದರೆ ಹಂಚಿನಿಂದ 60. ಮೊಬೈಲಿನ ಒಂದು ಕಡೆ ವೈಡ್ ಲೆನ್ಸ್, ಇನ್ನೊಂದು ಕಡೆ ಮಾಮೂಲಿ ಲೆನ್ಸ್ ಬಳಸಿದರೆ ಗಾತ್ರ ಹೊಂದಿದರೂ ಅಂಚಿನ ಬಾಗು ಹೊಂದುವುದಿಲ್ಲ. ನಿಂತ ಫ್ರೇಮಿನ ಅಗಲ 1080 ಪಿಕ್ಸೆಲ್ ಇರುತ್ತದೆ, ಅದರಲ್ಲಿ ವೃತ್ತಕ್ಕೆ 800 ಕೊಟ್ಟರೆ ಸಾಕು. ಅದನ್ನು ನಡುವಿಗಿಂತ ತುಸು ಮೇಲಿಡುವುದು ಜಾಣತನ. ಕೆಳಗೆ ಶೀರ್ಷಿಕೆಯ ಅಕ್ಷರಗಳು, ಬಲಕ್ಕೆ ಲೈಕಿನ ಗುಂಡಿಗಳು ಬಂದು ಕೂರುತ್ತವೆ.

ಯಾವುದನ್ನು ಮೊದಲು ತೆಗೆಯಬೇಕು? ಕಥೆಯಲ್ಲಿ ಅಡುಗೆಮನೆ ಮೊದಲು, ಶೂಟಿಂಗಿನಲ್ಲಿ ಬಸ್ಸು ಮೊದಲು. ಬಸ್ಸಿನಲ್ಲಿ ಕ್ಯಾಮೆರಾ ಎಷ್ಟು ಮೇಲೆ ಹೋಗಬಹುದು ಎಂಬುದನ್ನು ಚಾವಣಿ ತೀರ್ಮಾನಿಸುತ್ತದೆ, ಅಡುಗೆಮನೆಯಲ್ಲಿ ಕ್ಯಾಮೆರಾವನ್ನು ಬೇಕಾದಂತೆ ಏರಿಸಿ ಇಳಿಸಬಹುದು. ಬದಲಾಯಿಸಲಾಗದ್ದನ್ನು ಮೊದಲು ಮುಗಿಸಿ, ಅದರ ಒಂದು ಸ್ಥಿರಚಿತ್ರವನ್ನು ಅಡುಗೆಮನೆಗೆ ಒಯ್ಯಬೇಕು. ಮೊಬೈಲಿನ ಪರದೆಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಸ್ಟೇರಿಂಗಿನ ಉಂಗುರವನ್ನೂ ಕೈ ಇದ್ದ ಜಾಗವನ್ನೂ ಮಾರ್ಕರ್ ಪೆನ್ನಿನಿಂದ ಗುರುತು ಮಾಡಿಕೊಂಡು ಹಂಚನ್ನು ಆ ಗೆರೆಯೊಳಗೆ ಕೂರಿಸಿದರೆ ಆಯಿತು. ಬಸ್ಸು ಓಡಬೇಕಾಗಿಯೂ ಇಲ್ಲ. ನೆತ್ತಿಯ ಮೇಲಿನ ಫ್ರೇಮಿನಲ್ಲಿ ರಸ್ತೆ ಕಾಣುವುದಿಲ್ಲ, ಆದ್ದರಿಂದ ಶೆಡ್ಡಿನಲ್ಲಿ ನಿಲ್ಲಿಸಿದ ಖಾಸಗಿ ಬಸ್ಸೇ ಸಾಕು. ಓಡುವ ಬಸ್ಸಿನಲ್ಲಿ ಚಾಲಕನ ತಲೆಯ ಮೇಲೆ ಕ್ಯಾಮೆರಾ ಕಟ್ಟುವ ಸಾಹಸ ಯಾರಿಗೂ ಬೇಡ.

ಕೈಯ ವೇಗ ಇನ್ನೊಂದು ಕಷ್ಟ. ಬಾಯಲ್ಲೇ ‘ಒಂದು, ಎರಡು’ ಎಂದು ಸೆಕೆಂಡಿನ ಲಯದಲ್ಲಿ ಎಣಿಸುತ್ತ, ಒಂದು ಸುತ್ತು ಎರಡು ಸೆಕೆಂಡಿಗೆ ಮುಗಿಯುವಂತೆ ಎರಡೂ ಕಡೆ ಮಾಡಿಸಬೇಕು. ಕಟ್ ಬೇಕಾಗಿರುವುದು ಕಾಲು ಸುತ್ತಿನೊಳಗೆ ಆದರೂ, ಇಬ್ಬರೂ ಪೂರ್ತಿ ಸುತ್ತಬೇಕು. ಕ್ಯಾಮೆರಾ ಅದಕ್ಕೆ ಮೂರ್ನಾಲ್ಕು ಸೆಕೆಂಡ್ ಮುಂಚೆ ಶುರುವಾಗಿ ಅಷ್ಟೇ ಹೊತ್ತು ಆಮೇಲೂ ಓಡುತ್ತಿರಬೇಕು. ‘ಕಟ್ ಇಲ್ಲಿ’ ಎಂದು ಗೊತ್ತಿರುವ ನಟ ಅಲ್ಲಿಗೇ ಕೈ ನಿಲ್ಲಿಸಿಬಿಟ್ಟರೆ ಹೊಂದಿಸಲು ಚಲನೆಯೇ ಇರುವುದಿಲ್ಲ. ಹೊಸ ತಂಡಗಳಲ್ಲಿ ಬಹಳ ಕಟ್‌ಗಳು ಸಾಯುವುದು ಇಲ್ಲೇ.

ಎಡಿಟಿಂಗಿಗೆ ಕೂತಾಗ ಬಸ್ಸಿನ ಶಾಟನ್ನು ಹಂಚಿನ ಶಾಟ್‌ನ ಮೇಲೆ ಹಾಕಿ ಅರ್ಧ ಪಾರದರ್ಶಕ ಮಾಡಿದರೆ ಎರಡು ವೃತ್ತಗಳೂ ಒಟ್ಟಿಗೆ ಕಾಣುತ್ತವೆ. ಒಂದು ಅಂಗುಲ ಆಚೀಚೆ ಆಗಿದ್ದರೆ ಸರಿಸಬಹುದು, 4ಕೆಯಲ್ಲಿ ತೆಗೆದಿದ್ದರೆ ಹಿಗ್ಗಿಸಲು ಧಾರಾಳ ಜಾಗವಿದೆ. ಗಡಿಯಾರದ ಮುಖಕ್ಕೆ ಹೋಲಿಸಿ ಹೇಳುವುದಾದರೆ, ಅವ್ವನ ಕೈ ಹನ್ನೆರಡರಿಂದ ಹೊರಟು ಎರಡರ ಬಳಿ ಬಂದಾಗ ಕತ್ತರಿ ಬೀಳಬೇಕು. ಮಗನ ಕೈ ಎರಡರಿಂದ ಮುಂದುವರಿದು ಮೂರು, ನಾಲ್ಕು ದಾಟಬೇಕು. ಲೆಕ್ಕಕ್ಕೆ ಅಷ್ಟೇ ಆದರೂ, ಎಷ್ಟೋ ಸಂಕಲನಕಾರರು ಎರಡನೇ ಶಾಟ್‌ನ ಚಲನೆಯನ್ನು ಎರಡು ಮೂರು ಫ್ರೇಮ್ ಹಿಂದಿನಿಂದ ಶುರುಮಾಡುತ್ತಾರೆ. ಹೊಸ ಚಿತ್ರವನ್ನು ಹಿಡಿಯಲು ಕಣ್ಣಿಗೆ ಒಂದು ಕ್ಷಣ ಬೇಕು, ಆ ಕ್ಷಣದಲ್ಲಿ ಕೈ ಮುಂದೆ ಹೋಗಿಬಿಟ್ಟರೆ ಚಲನೆ ಜಿಗಿದಂತಾಗುತ್ತದೆ. ಇದನ್ನು ಸೂತ್ರದಿಂದ ತೀರ್ಮಾನಿಸಲಾಗದು, ಫ್ರೇಮ್ ಹಾಕಿ ತೆಗೆದು ನೋಡಬೇಕು.

ಸದ್ದಿನ ಪಾತ್ರ ಇನ್ನೂ ಉಳಿದಿದೆ. ಒದ್ದೆ ಬಟ್ಟೆಯ ಹನಿ ಹಂಚಿನ ಕಾದ ಅಂಚಿಗೆ ಬಿದ್ದರೆ ‘ಚುಸ್ಸ್’ ಅನ್ನುತ್ತದೆ. ಬಸ್ಸಿನ ಏರ್ ಬ್ರೇಕ್ ಬಿಟ್ಟಾಗಲೂ ಹೆಚ್ಚುಕಡಿಮೆ ಅದೇ ಸದ್ದು. ಹಿಚ್‌ಕಾಕ್ ‘ದಿ 39 ಸ್ಟೆಪ್ಸ್’ನಲ್ಲಿ (1935) ಹೆಣ ಕಂಡು ಬಾಯಿ ತೆರೆದ ಹೆಂಗಸಿನ ಕಿರುಚಾಟದ ಜಾಗದಲ್ಲಿ ರೈಲಿನ ಸಿಳ್ಳೆ ಕೇಳಿಸಿ, ಮರುಕ್ಷಣ ರೈಲನ್ನೇ ತೋರಿಸಿದ್ದು ಇದೇ ಬಗೆಯ ಕೆಲಸ. ಇಲ್ಲಿ ಎಂಜಿನ್ನಿನ ಗುಡುಗನ್ನು ಕಟ್‌ಗಿಂತ ಅರ್ಧ ಸೆಕೆಂಡ್ ಮೊದಲೇ ಮೆಲ್ಲಗೆ ಏರಿಸಿ, ಹನಿಯ ಸದ್ದಿನ ಬಾಲಕ್ಕೆ ಬ್ರೇಕಿನ ಸದ್ದನ್ನು ಗಂಟು ಹಾಕಬಹುದು. ಚಿತ್ರದಲ್ಲಿ ಸಣ್ಣಪುಟ್ಟ ಹೊಂದಿಕೆ ತಪ್ಪಿದ್ದರೂ ಕಿವಿ ಅದನ್ನು ದಾಟಿಸುತ್ತದೆ.

ಏನು ಕೆಡಬಹುದು? ಹಂಚಿನ ಹಬೆ 60 ಸೆಂಟಿಮೀಟರ್ ಎತ್ತರದ ಲೆನ್ಸಿಗೆ ನೇರ ಬಡಿದು ಮಂಜಾಗಿಸುತ್ತದೆ. ಪ್ರತಿ ರೊಟ್ಟಿಗೂ ಲೆನ್ಸ್ ಒರೆಸಬೇಕು, ಇಲ್ಲವೇ ಹಬೆಯನ್ನು ಒಂದು ಬದಿಗೆ ಹಾರಿಸಲು ಸಣ್ಣ ಫ್ಯಾನ್ ಬೇಕು. ಒಲೆಯ ಬೆಳಕು ಹಳದಿ, ಶೆಡ್ಡಿನ ಬೆಳಕು ನೀಲಿ ಇದ್ದರೆ ಗಾಬರಿಯೇನಿಲ್ಲ, ಊರು ಬದಲಾಯಿತು ಎಂಬುದನ್ನು ಅದೇ ಹೇಳಲಿ. ಬಳೆಗಳ ಕೈಯಿಂದ ಖಾಕಿ ತೋಳಿಗೆ ಬಂದದ್ದೂ ಅದಕ್ಕೇ. ಎಲ್ಲವೂ ಹೊಂದಿಬಿಟ್ಟರೆ ದೃಶ್ಯ ಬದಲಾದದ್ದೇ ತಿಳಿಯದೆ ಹೋಗುವ ಅಪಾಯವಿದೆ. ಆದ್ದರಿಂದ ಕಟ್ ಆದ ಒಂದೆರಡು ಸೆಕೆಂಡಿನಲ್ಲಿ ಬಸ್ಸಿನ ಗಾಜಿನಾಚೆಯ ರಸ್ತೆಯನ್ನು ತೋರಿಸುವ ಅಗಲದ ಶಾಟ್ ಬರಬೇಕು. ಆ ಒಂದು ಶಾಟನ್ನು ಪ್ರಯಾಣಿಕರ ಸೀಟಿನಿಂದ, ಇನ್ನೊಂದು ದಿನ ತೆಗೆದುಕೊಂಡರೂ ನಡೆಯುತ್ತದೆ.

ಪರೀಕ್ಷಿಸುವಾಗ ಬರೀ ಕಟ್ ಇರುವ ಎರಡು ಸೆಕೆಂಡನ್ನೇ ಮತ್ತೆ ಮತ್ತೆ ಓಡಿಸುವ ಚಾಳಿ ಎಲ್ಲರಿಗೂ ಇದೆ. ಹಾಗೆ ನೋಡಿದರೆ ಯಾವ ಕಟ್ಟೂ ಸರಿ ಕಾಣುವುದಿಲ್ಲ, ಅಥವಾ ಎಲ್ಲವೂ ಸರಿ ಕಾಣುತ್ತದೆ. ಹತ್ತು ಸೆಕೆಂಡ್ ಹಿಂದಿನಿಂದ, ಒಮ್ಮೆ ಸದ್ದಿಲ್ಲದೆ, ಒಮ್ಮೆ ಸದ್ದಿನೊಂದಿಗೆ, ಕಥೆ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ ಅವರು ಏನನ್ನುತ್ತಾರೆ ಎಂದು ಕೇಳಬೇಕು. ‘ಅದು ಯಾರ ಕೈ?’ ಎಂದರೆ ಅಗಲದ ಶಾಟ್ ತಡವಾಗಿದೆ. ‘ವಿಡಿಯೊ ಒಂದು ಸಲ ಜಂಪ್ ಆಯ್ತಲ್ಲ’ ಎಂದರೆ ಫ್ರೇಮ್‌ಗಳನ್ನು ಮತ್ತೆ ಎಣಿಸಬೇಕು. ‘ಕಟ್ ಸೂಪರ್’ ಎಂದು ಶುರುಮಾಡಿದರೂ ಸ್ವಲ್ಪ ಅನುಮಾನಿಸಬಹುದು. ‘ಮಗ ಊರಿಗೆ ಹೋಗ್ತಾನಾ?’ ಎಂದು ಕೇಳಿದರೆ ಆ ಕಟ್ಟನ್ನು ಹಾಗೆಯೇ ಬಿಟ್ಟು ಮುಂದಿನ ದೃಶ್ಯದ ಎಡಿಟಿಂಗ್ ಶುರುಮಾಡಬಹುದು.