ದೀರ್ಘ ರಜೆಯ ಅರ್ಜಿ ಮತ್ತು ಕಾರ್ಯಭಾರದ ಹಸ್ತಾಂತರ

ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲೂಕಿನ ದ್ವಿಶಿಕ್ಷಕ ಕನ್ನಡ ಶಾಲೆಯೊಂದರ ಶಿಕ್ಷಕಿ, ತಾಯಿಯ ಶುಶ್ರೂಷೆಗಾಗಿ ಆರು ವಾರಗಳ ರಜೆ ಬೇಡುವರೆಂದು ಭಾವಿಸೋಣ. ಅರ್ಜಿಯು ಮುಖ್ಯಾಧ್ಯಾಪಕರ ಮೂಲಕ ಮೇಲಿನ ಕಚೇರಿಗೆ ಹೋಗುವುದರಿಂದ ಮರಾಠಿಯಲ್ಲಿರಲಿ. ರಜೆಯ ಪ್ರಕಾರ, ಕಾರಣ, ಆರಂಭ ಹಾಗೂ ಮುಕ್ತಾಯದ ದಿನಾಂಕಗಳನ್ನು ಅದರಲ್ಲಿ ಕಾಣಿಸಬೇಕು. ಬದಲಿ ಶಿಕ್ಷಕರು ಬೇಕೆಂದಷ್ಟೇ ಬರೆದರೆ ಕನ್ನಡವರಿಯದವರು ಬರಬಹುದು. ಆಗ ಒಂದನೆಯ ಇಯತ್ತೆಯ ಮಕ್ಕಳ ಓದು ಅಲ್ಲಿಯೇ ನಿಲ್ಲುತ್ತದೆ. ಆದ್ದರಿಂದ ಕನ್ನಡ ಮಾಧ್ಯಮದವರೇ ಬೇಕೆಂದು ನಮೂದಿಸಬೇಕು.

ಹಸ್ತಾಂತರದ ಟಿಪ್ಪಣಿ ಕನ್ನಡದಲ್ಲಿರಲಿ. ಪ್ರತಿ ವಿಷಯದಲ್ಲಿ ಮುಗಿದ ಪಾಠ, ಒತ್ತಕ್ಷರ ಓದಲು ತಡವರಿಸುವ ಮಕ್ಕಳ ಹೆಸರು, ಹಾಜರಿ ಪುಸ್ತಕ, ಕಪಾಟಿನ ಬೀಗದ ಕೈ ಇವೆಲ್ಲ ಅದರಲ್ಲಿ ಬರಬೇಕು. ಇಬ್ಬರೂ ಸಹಿ ಮಾಡಿದ ಪ್ರತಿ ಶಾಲೆಯಲ್ಲಿ ಉಳಿಯಲಿ. ಮಂಜೂರಾತಿ ಕೈಸೇರುವ ಮೊದಲೇ ಹೊರಟರೆ ಅದು ಅನಧಿಕೃತ ಗೈರುಹಾಜರಿ ಎನಿಸೀತು.