ಎಂ-ಸ್ಯಾಂಡ್ ಹಾಕಿದರೆ ಮನೆ ಬಿರುಕು ಬಿಡುತ್ತದೆಯೇ? ಬಾಟಲಿ ಪರೀಕ್ಷೆ ಹೇಳುವುದೇನು, ಹೇಳದಿರುವುದೇನು?

ಮನೆ ಕಟ್ಟುವವರ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಮತ್ತೆ ಮತ್ತೆ ಸುತ್ತುತ್ತವೆ. ಎಂ-ಸ್ಯಾಂಡ್ ಎಂದರೆ ಬರೀ ಕಲ್ಲಿನ ಪುಡಿ, ಅದರಲ್ಲಿ ಕಟ್ಟಿದ ಮನೆ ಬಿರುಕು ಬಿಡುತ್ತದೆ, ನದಿ ಮರಳೇ ಗಟ್ಟಿ ಎನ್ನುವುದು ಒಂದು. ಮರಳನ್ನು ನೀರಿನ ಬಾಟಲಿಗೆ ಹಾಕಿ ಅಲ್ಲಾಡಿಸಿ, ಮೇಲೆ ಕೆಸರು ಕಂಡರೆ ಆ ಲೋಡ್ ವಾಪಸ್ ಕಳಿಸಿ ಎನ್ನುವುದು ಇನ್ನೊಂದು. ಎರಡರಲ್ಲೂ ಸ್ವಲ್ಪ ಸತ್ಯವಿದೆ. ಆದರೆ ಎರಡನ್ನೂ ಸೇರಿಸಿ ನಂಬಿದರೆ ಒಳ್ಳೆಯ ಮರಳು ವಾಪಸ್ ಹೋಗಿ, ಕೆಟ್ಟ ಮರಳು ಮನೆಯ ಗೋಡೆ ಸೇರಬಹುದು.

ಹಿರೇಹಡಗಲಿಯಂಥ ಊರಿನಲ್ಲಿ ಇದು ದಿನನಿತ್ಯದ ಪ್ರಶ್ನೆ. ಹಡಗಲಿ ತಾಲ್ಲೂಕಿನ ಅಂಚಿನಲ್ಲೇ ತುಂಗಭದ್ರೆ ಹರಿಯುತ್ತಾಳೆ, ಹಾಗಾಗಿ ಹೊಳೆಯ ಉಸುಕಿನ ಮೇಲೆ ಜನರಿಗೆ ನಂಬಿಕೆ ಹೆಚ್ಚು. ಆದರೆ ಸಣ್ಣ ಗಣಿಗಾರಿಕೆಗೂ ಪರಿಸರ ಅನುಮತಿ ಬೇಕೆಂದು 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ನದಿ ಮರಳು ಮೊದಲಿನಷ್ಟು ಸಲೀಸಾಗಿ ಸಿಗುತ್ತಿಲ್ಲ. ಆ ಜಾಗಕ್ಕೆ ಕ್ರಷರ್‌ನಿಂದ ಎಂ-ಸ್ಯಾಂಡ್ ಬಂದಿದೆ. ಈಗ ಮನೆ ಕಟ್ಟುವವರ ಮುಂದಿರುವ ಪ್ರಶ್ನೆ ಮರಳು ಎಲ್ಲಿಂದ ಬಂತು ಎಂಬುದಲ್ಲ, ಬಂದ ಮರಳಿನಲ್ಲಿ ಏನಿದೆ ಎಂಬುದು.

ಹೊಳೆಯ ಮರಳೆಲ್ಲ ಒಂದೇ ಅಲ್ಲ

ತುಂಗಭದ್ರೆ ಹೂಳು ಹೊತ್ತು ತರುವ ನದಿ. ಹೊಸಪೇಟೆಯ ಬಳಿಯ ತುಂಗಭದ್ರಾ ಜಲಾಶಯ ಮೊದಲು ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಅದು ಸುಮಾರು 105 ಟಿಎಂಸಿಗೆ ಇಳಿದಿದೆ. ನೀರು ರಭಸವಾಗಿ ಹರಿಯುವ ಕಡೆ ದಪ್ಪ ಮರಳು ಉಳಿದು ಹೂಳು ಮುಂದಕ್ಕೆ ಹೋಗುತ್ತದೆ. ನೀರು ನಿಧಾನವಾಗುವ ಕಡೆ, ದಂಡೆಯಲ್ಲಿ, ಪ್ರವಾಹ ಇಳಿದ ಜಾಗದಲ್ಲಿ ಹೂಳು ಮರಳಿನ ಜೊತೆಯಲ್ಲೇ ಕೂರುತ್ತದೆ. ಎರೆಭೂಮಿಯ ಹಳ್ಳಗಳಿಂದ ತೆಗೆದ ಮರಳಿನಲ್ಲಿ ಕಪ್ಪು ಜೇಡಿಮಣ್ಣು ಬೆರೆತಿರುವ ಸಾಧ್ಯತೆ ಇನ್ನೂ ಹೆಚ್ಚು. ಇವೆಲ್ಲವನ್ನೂ ಮಾರುವುದು ಹೊಳೆ ಮರಳು ಎಂಬ ಒಂದೇ ಹೆಸರಿನಲ್ಲಿ.

ಜೇಡಿ ಯಾಕೆ ಕೆಟ್ಟದ್ದು? ಮರಳಿನ ಪ್ರತಿ ಕಾಳಿಗೂ ಸಿಮೆಂಟ್ ನೇರವಾಗಿ ಅಂಟಬೇಕು. ಕಾಳಿನ ಮೇಲೆ ಜೇಡಿಯ ಪದರ ಇದ್ದರೆ ಸಿಮೆಂಟ್ ಕಲ್ಲಿಗೆ ಅಂಟುವ ಬದಲು ಮಣ್ಣಿಗೆ ಅಂಟುತ್ತದೆ. ಜೊತೆಗೆ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಎರೆಹೊಲ ಬಾಯಿ ಬಿಡುವುದನ್ನು ನೋಡಿದವರಿಗೆ ಗಿಲಾವ್ ಮಾಡಿದ ಗೋಡೆಯ ಮೇಲೆ ಜಾಲದಂಥ ಬಿರುಕು ಯಾಕೆ ಬರುತ್ತದೆ ಎಂದು ವಿವರಿಸಬೇಕಿಲ್ಲ.

ಬಾಟಲಿ ಪರೀಕ್ಷೆ ಸರಿಯಾಗಿ ಮಾಡುವುದು ಹೇಗೆ?

ಲೋಡಿನ ಮೇಲಿನಿಂದ ಮಾತ್ರ ಮರಳು ತೆಗೆಯಬೇಡಿ. ಮೇಲೆ, ನಡುವೆ, ತಳದಲ್ಲಿ ಒಂದೊಂದು ಹಿಡಿ ತೆಗೆದು ಬೆರೆಸಿ. ನೇರವಾದ ಗೋಡೆಯ ಪಾರದರ್ಶಕ ಬಾಟಲಿ ಅಥವಾ ಗಾಜಿನ ಜಾಡಿಯ ಅರ್ಧದವರೆಗೆ ಆ ಮರಳು ಹಾಕಿ. ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು ಕರಗಿಸಿ, ಆ ನೀರನ್ನು ಮುಕ್ಕಾಲು ಭಾಗದವರೆಗೆ ತುಂಬಿ. ಮುಚ್ಚಳ ಹಾಕಿ ಒಂದು ನಿಮಿಷ ಜೋರಾಗಿ ಅಲ್ಲಾಡಿಸಿ, ಸಮತಟ್ಟಾದ ಜಾಗದಲ್ಲಿ 3 ಗಂಟೆ ಕದಲಿಸದೆ ಇಡಿ. ಉಪ್ಪು ಹಾಕುವುದು ತೇಲುವ ಜೇಡಿಯ ಕಣಗಳು ಒಂದಕ್ಕೊಂದು ಅಂಟಿಕೊಂಡು ಬೇಗ ತಳ ಸೇರಲಿ ಎಂದು.

3 ಗಂಟೆಯ ನಂತರ ಕೆಳಗೆ ಮರಳು, ಅದರ ಮೇಲೆ ನುಣುಪಾದ ಪದರ, ಅದರ ಮೇಲೆ ನೀರು ಕಾಣುತ್ತದೆ. ಸ್ಕೇಲ್ ಹಿಡಿದು ಎರಡೂ ಪದರಗಳ ಎತ್ತರ ಅಳೆಯಿರಿ.

ಹೂಳಿನ ಪ್ರಮಾಣ = (ನುಣುಪು ಪದರದ ಎತ್ತರ ÷ ಮರಳಿನ ಎತ್ತರ) × 100

ಕೇಂದ್ರ ಲೋಕೋಪಯೋಗಿ ಇಲಾಖೆಯ ಕಾಮಗಾರಿ ನಿಯಮದಂತೆ ಈ ಲೆಕ್ಕದಲ್ಲಿ ಶೇ. 8 ದಾಟಬಾರದು. ನದಿ ಮರಳಿಗೆ ಈ ಗೆರೆ ಸಾಕು. ದಾಟಿದರೆ ಮರಳನ್ನು ತೊಳೆಯಬೇಕು, ತೊಳೆದ ಮೇಲೆ ಮತ್ತೆ ಅಳೆಯಬೇಕು.

ಒಂದೇ ಅಂಕಿ, ಎರಡು ಅರ್ಥ

ಒಂದು ಉದಾಹರಣೆ ನೋಡೋಣ. ಹಿರೇಹಡಗಲಿಯಲ್ಲಿ ಒಬ್ಬರು ಮನೆ ಕಟ್ಟುತ್ತಿದ್ದಾರೆ ಎಂದುಕೊಳ್ಳಿ. ಒಂದು ಟ್ರ್ಯಾಕ್ಟರ್ ಹೊಳೆ ಮರಳು, ಒಂದು ಟಿಪ್ಪರ್ ಎಂ-ಸ್ಯಾಂಡ್ ನೋಡಲು ಸಿಕ್ಕಿದೆ. ಎರಡು ಬಾಟಲಿಯಲ್ಲೂ ಮರಳು 80 ಮಿ.ಮೀ., ಮೇಲಿನ ಪದರ 10 ಮಿ.ಮೀ. ಲೆಕ್ಕ ಹಾಕಿದರೆ ಎರಡೂ ಶೇ. 12.5. ವಾಟ್ಸಾಪ್ ಸಂದೇಶದ ಪ್ರಕಾರ ಎರಡನ್ನೂ ವಾಪಸ್ ಕಳಿಸಬೇಕು.

ಹೊಳೆ ಮರಳಿನ ವಿಷಯದಲ್ಲಿ ಅದು ಸರಿ. ಆದರೆ ಎಂ-ಸ್ಯಾಂಡ್ ವಿಷಯದಲ್ಲಿ ಅಷ್ಟು ಬೇಗ ತೀರ್ಮಾನಕ್ಕೆ ಬರುವಂತಿಲ್ಲ. ಕಾಂಕ್ರೀಟ್‌ಗೆ ಬಳಸುವ ಮರಳು, ಜಲ್ಲಿಗೆ ಭಾರತೀಯ ಮಾನಕವಾದ ಐಎಸ್ 383 ಇದನ್ನು ಸ್ಪಷ್ಟವಾಗಿ ಬೇರ್ಪಡಿಸಿದೆ. 75 ಮೈಕ್ರಾನ್‌ಗಿಂತ, ಅಂದರೆ ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪಕ್ಕಿಂತ ಸಣ್ಣ ಪುಡಿ ನೈಸರ್ಗಿಕ ಮರಳಿನಲ್ಲಿ ತೂಕದ ಶೇ. 3ರಷ್ಟು ಮಾತ್ರ ಇರಬಹುದು. ಕಲ್ಲು ಒಡೆದು ಮಾಡಿದ ಮರಳಿನಲ್ಲಿ ಶೇ. 15ರವರೆಗೆ ಇರಬಹುದು.

ಇದು ಕ್ರಷರ್‌ನವರಿಗೆ ಕೊಟ್ಟ ರಿಯಾಯಿತಿಯಲ್ಲ. ನದಿ ಮರಳಿನ ನುಣುಪು ಪದರದಲ್ಲಿ ಜೇಡಿ ಸೇರಿರುತ್ತದೆ. ಶುದ್ಧ ಎಂ-ಸ್ಯಾಂಡ್‌ನಲ್ಲಿ ಇರುವುದು ಅದೇ ಕಲ್ಲಿನ ಪುಡಿ. ಅದು ನೀರು ಕುಡಿದು ಉಬ್ಬುವುದಿಲ್ಲ. ಮಿತಿಯಲ್ಲಿದ್ದರೆ ಕಾಳುಗಳ ನಡುವಿನ ಸಂದು ತುಂಬುತ್ತದೆ. ಮಿತಿ ಮೀರಿದರೆ ಹೆಚ್ಚು ನೀರು ಬೇಡಿ ತೊಂದರೆ ಕೊಡುತ್ತದೆ. ಇನ್ನೊಂದು ಮಾತು, ನೀರಿನಲ್ಲಿ ಕುಳಿತ ಪದರ ಸಡಿಲವಾಗಿ ಉಬ್ಬಿಕೊಂಡಿರುತ್ತದೆ. ಆದ್ದರಿಂದ ಬಾಟಲಿಯ ಅಂಕಿ ತೂಕದ ಅಂಕಿಗಿಂತ ಹೆಚ್ಚೇ ಕಾಣುತ್ತದೆ. ಹೀಗಾಗಿ ಬಾಟಲಿ ಪರೀಕ್ಷೆ ಇರುವುದು ಮುಖ್ಯವಾಗಿ ನೈಸರ್ಗಿಕ ಮರಳಿಗೆ. ಎಂ-ಸ್ಯಾಂಡ್‌ಗೆ ಅದು ಒಂದು ಸುಳಿವು ಮಾತ್ರ.

ಪದರದಲ್ಲಿರುವುದು ಜೇಡಿಯೋ, ಕಲ್ಲಿನ ಪುಡಿಯೋ?

ಕಲ್ಲಿನ ಮೇಲಿನ ಮಣ್ಣು ತೆಗೆಯದೆ ಕ್ರಷರ್‌ಗೆ ಹಾಕಿದರೆ ಎಂ-ಸ್ಯಾಂಡ್‌ನಲ್ಲೂ ಜೇಡಿ ಬರುತ್ತದೆ. ಅದನ್ನು ಗುರುತಿಸಲು ಇನ್ನೊಂದು ಬಾಟಲಿ ಸಾಕು. ಈ ಬಾರಿ ಉಪ್ಪು ಹಾಕಬೇಡಿ. ಬೋರ್‌ವೆಲ್ ನೀರೂ ಬೇಡ, ಅದರಲ್ಲಿರುವ ಲವಣಗಳು ಉಪ್ಪಿನ ಕೆಲಸವನ್ನೇ ಮಾಡುತ್ತವೆ. ಊರಿನ ಶುದ್ಧ ನೀರಿನ ಘಟಕದ ನೀರು ಬಳಸಿ. ಅಲ್ಲಾಡಿಸಿ 3 ಗಂಟೆ ಬಿಡಿ. ಕಲ್ಲಿನ ಪುಡಿ ಹೆಚ್ಚಿನ ಪಾಲು ಅಷ್ಟರಲ್ಲಿ ತಳ ಸೇರುತ್ತದೆ. ನೀರು ಇನ್ನೂ ರಾಡಿಯಾಗಿಯೇ ಇದ್ದರೆ ಜೇಡಿ ಇದೆ ಎಂದು ಅನುಮಾನಿಸಬೇಕು.

ಅನುಮಾನ ಬಂದರೆ ನೀರು ಬಸಿದು ಮೇಲಿನ ಪದರವನ್ನು ಚಮಚದಲ್ಲಿ ತೆಗೆದು ಬೆರಳಲ್ಲಿ ಉಜ್ಜಿ. ಜೇಡಿ ಜಿಗುಟಾಗಿ ಉಂಡೆ ಕಟ್ಟುತ್ತದೆ, ಒಣಗಿದರೆ ಗಟ್ಟಿಯಾಗಿ ಬಿರಿಯುತ್ತದೆ. ಕಲ್ಲಿನ ಪುಡಿ ಒಣಗಿದ ಮೇಲೆ ಬೆರಳು ತಾಗಿದರೆ ಉದುರುತ್ತದೆ. ನಮ್ಮ ಉದಾಹರಣೆಯ ಎಂ-ಸ್ಯಾಂಡ್‌ನಲ್ಲಿ ನೀರು ತಿಳಿಯಾಗಿ, ಪದರ ಪುಡಿಯಾಗಿ ಉದುರಿದರೆ ಆ ಲೋಡನ್ನು ಸುಮ್ಮನೆ ವಾಪಸ್ ಕಳಿಸುವ ಅಗತ್ಯವಿಲ್ಲ. ಚಾವಣಿ, ಕಂಬಗಳ ಕೆಲಸಕ್ಕಾದರೆ ಕ್ರಷರ್‌ನವರಿಂದ ಪ್ರಯೋಗಾಲಯದ ವರದಿ ಕೇಳಿ. 75 ಮೈಕ್ರಾನ್ ಜರಡಿಯಲ್ಲಿ ತೊಳೆದು ತೂಗಿದ ಅಂಕಿ ಅದರಲ್ಲಿ ಇರಬೇಕು.

ಹಾಗಾದರೆ ಬಿರುಕು ಯಾಕೆ ಬರುತ್ತದೆ?

ಎಂ-ಸ್ಯಾಂಡ್ ಮನೆಗಳಲ್ಲಿ ಬಿರುಕು ಕಂಡವರು ಸುಳ್ಳು ಹೇಳುತ್ತಿಲ್ಲ. ಅದಕ್ಕೆ ಒಂದು ಮುಖ್ಯ ಕಾರಣ ಕಾಳಿನ ಆಕಾರದಲ್ಲಿದೆ. ನದಿ ಮರಳು ನೀರಿನಲ್ಲಿ ಉರುಳಿ ಉರುಳಿ ದುಂಡಗಾಗಿರುತ್ತದೆ, ಗೋಲಿಗಳಂತೆ ಜಾರುತ್ತದೆ. ಒಡೆದ ಕಲ್ಲಿನ ಕಾಳಿಗೆ ಮೂಲೆಗಳಿರುತ್ತವೆ, ಒಂದಕ್ಕೊಂದು ತಗಲಿಕೊಳ್ಳುತ್ತವೆ. ಗಟ್ಟಿಯಾದ ಮೇಲೆ ಈ ಹಿಡಿತ ಒಳ್ಳೆಯದೇ. ಆದರೆ ಕಲಸುವಾಗ ಮಾಲು ಬಿರುಸಾಗಿ ಕಾಣುತ್ತದೆ, ಗೌಂಡಿ ಇನ್ನಷ್ಟು ನೀರು ಸುರಿಯುತ್ತಾರೆ.

ಇಲ್ಲಿಯೇ ಏಟು ಬೀಳುವುದು. ಕಬ್ಬಿಣ ಹಾಕಿದ ಸಾಮಾನ್ಯ ಕಾಂಕ್ರೀಟ್‌ನಲ್ಲಿ ನೀರು ಸಿಮೆಂಟ್ ತೂಕದ 0.55 ಪಾಲು ಮೀರಬಾರದು ಎಂದು ಐಎಸ್ 456 ಹೇಳುತ್ತದೆ. 50 ಕೆ.ಜಿ. ಚೀಲಕ್ಕೆ ಅದು 27.5 ಲೀಟರ್. ಮರಳಿನಲ್ಲಿ ಮೊದಲೇ ಇರುವ ತೇವವೂ ಇದರಲ್ಲಿ ಸೇರಬೇಕು. ಇನ್ನೊಂದು 5 ಲೀಟರ್ ಸುರಿದರೆ ಪಾಲು 0.65 ಆಗುತ್ತದೆ. ಆ ಹೆಚ್ಚುವರಿ ನೀರು ಆವಿಯಾಗಿ ಹೋದ ಜಾಗದಲ್ಲಿ ಸಣ್ಣ ರಂಧ್ರಗಳು ಉಳಿಯುತ್ತವೆ, ಕಾಂಕ್ರೀಟ್ ಕುಗ್ಗುತ್ತದೆ, ಬಿರುಕು ಬರುತ್ತದೆ. ಬೈಗುಳ ಮಾತ್ರ ಮರಳಿಗೆ ಸಿಗುತ್ತದೆ. ಮಾಲು ಬಿರುಸಾದರೆ ನೀರು ಹೆಚ್ಚಿಸುವ ಬದಲು ಮರಳು, ಜಲ್ಲಿಯ ಅಳತೆಯನ್ನು ಎಂಜಿನಿಯರ್ ಕೈಯಲ್ಲಿ ಸರಿಪಡಿಸಿಕೊಳ್ಳಬೇಕು. ಇಲ್ಲವೇ ನೀರು ಹೆಚ್ಚಿಸದೆ ಮಾಲು ಸಡಿಲಿಸುವ ಪ್ಲಾಸ್ಟಿಸೈಸರ್ ಬಳಸಬೇಕು.

ಕ್ರಷರ್ ಡಸ್ಟ್ ಅನ್ನೇ ಎಂ-ಸ್ಯಾಂಡ್ ಎಂದು ಮಾರಿದಾಗ ತೊಂದರೆ ದುಪ್ಪಟ್ಟು. ಒಳ್ಳೆಯ ಎಂ-ಸ್ಯಾಂಡ್ ಮಾಡುವ ಯಂತ್ರದಲ್ಲಿ ಕಲ್ಲು ಕಲ್ಲಿಗೆ ಬಡಿದು ಚೂಪು ಅಂಚುಗಳು ಸವೆಯುತ್ತವೆ, ಕಾಳು ಚೌಕಾಕಾರಕ್ಕೆ ಬರುತ್ತದೆ. ಆಮೇಲೆ ಹೆಚ್ಚಿನ ಪುಡಿ ತೆಗೆಯುತ್ತಾರೆ. ಕ್ರಷರ್ ಡಸ್ಟ್ ಎಂದರೆ ಜಲ್ಲಿ ಒಡೆಯುವಾಗ ಉದುರಿದ ಉಳಿಕೆ. ಅದರಲ್ಲಿ ಚಪ್ಪಟೆ ಚಕ್ಕೆಗಳೂ ಪುಡಿಯೂ ಎಷ್ಟೆಂದರೆ ಅಷ್ಟು. ಕಲ್ಲಿನ ಪುಡಿ ಎಂಬ ದೂರು ಸಲ್ಲುವುದು ಇದಕ್ಕೆ.

ಎರಡರ ವ್ಯತ್ಯಾಸ ನೋಡಲು ಫೋನ್ ಸಾಕು. ಒಂದು ಚಿಟಿಕೆ ಮರಳನ್ನು ತೊಳೆದು ಒಣಗಿಸಿ, ಗಾಢ ಬಣ್ಣದ ಕಾಗದದ ಮೇಲೆ ಹರಡಿ, ಕ್ಯಾಮೆರಾ ಜೂಮ್ ಮಾಡಿ ನೋಡಿ. ಬಹುಪಾಲು ಕಾಳುಗಳು ಉದ್ದ, ಅಗಲ, ದಪ್ಪ ಮೂರರಲ್ಲೂ ಹೆಚ್ಚುಕಡಿಮೆ ಸಮವಾಗಿದ್ದರೆ ಸರಿ. ಸೂಜಿ, ಚಕ್ಕೆಗಳೇ ಹೆಚ್ಚಾಗಿದ್ದರೆ ಕಾಂಕ್ರೀಟ್‌ಗೆ ಬೇಡ.

ಗಿಲಾವ್‌ಗೆ ಕಾಂಕ್ರೀಟ್‌ನ ಎಂ-ಸ್ಯಾಂಡ್ ತರಬೇಡಿ. ಅದರಲ್ಲಿ 4.75 ಮಿ.ಮೀ.ವರೆಗಿನ ಕಾಳಿರುತ್ತದೆ, ಗೋಡೆಯ ಮೇಲೆ ಎಳೆದಾಗ ಗೀರು ಬೀಳುತ್ತದೆ. ಪಿ-ಸ್ಯಾಂಡ್ ಎಂದು ಕೇಳಿ ತನ್ನಿ, ಅದು ಸಾಮಾನ್ಯವಾಗಿ 2.36 ಮಿ.ಮೀ.ಗಿಂತ ಸಣ್ಣದು. ಆದರೆ ನುಣುಪಾದಷ್ಟೂ ಒಳ್ಳೆಯದು ಎಂಬ ಲೆಕ್ಕ ಇಲ್ಲಿಲ್ಲ. ಪುಡಿ ಹೆಚ್ಚಾದ ಗಿಲಾವ್ ಹೆಚ್ಚು ನೀರು ಕೇಳುತ್ತದೆ, ಒಣಗುವಾಗ ಕೂದಲೆಳೆಯ ಬಿರುಕು ಬಿಡುತ್ತದೆ.

ನಮ್ಮ ತೀರ್ಮಾನ

ಎಂ-ಸ್ಯಾಂಡ್ ಹಾಕಿದರೆ ಮನೆ ಬಿರುಕು ಬಿಡುತ್ತದೆ ಎಂಬ ಸಂದೇಶ ದಾರಿ ತಪ್ಪಿಸುವಂಥದ್ದು. ಬಾಟಲಿ ಪರೀಕ್ಷೆಯ ಸಂದೇಶ ಅರ್ಧ ಸತ್ಯ. ನದಿ ಮರಳಿಗೆ ಬಾಟಲಿಯ ಅಂಕಿ ನೋಡಿ, ಎಂ-ಸ್ಯಾಂಡ್‌ಗೆ ಪದರದಲ್ಲಿ ಏನಿದೆ ಎಂದೂ ಕಾಳು ಹೇಗಿದೆ ಎಂದೂ ನೋಡಿ. ಪರೀಕ್ಷೆಗೆ 3 ಗಂಟೆ ಬೇಕು, ಅಷ್ಟು ಹೊತ್ತು ಟಿಪ್ಪರ್ ನಿಲ್ಲುವುದಿಲ್ಲ. ಹಿಂದಿನ ದಿನವೇ ಒಂದು ಚೀಲ ಮಾದರಿ ತರಿಸಿ ಪರೀಕ್ಷಿಸಿ, ಆ ಬಾಟಲಿಯನ್ನು ಹಾಗೇ ಇಟ್ಟುಕೊಳ್ಳಿ. ಪ್ರತಿ ಲೋಡ್ ಇಳಿದಾಗಲೂ ಇನ್ನೊಂದು ಬಾಟಲಿ ತುಂಬಿ ಪಕ್ಕದಲ್ಲಿಡಿ. ಎರಡೂ ಹೊಂದುವವರೆಗೆ ಆ ಲೋಡಿನ ಮರಳನ್ನು ಕಾಂಕ್ರೀಟ್‌ಗೆ ಹಾಕಬೇಡಿ.